ಕೆಲಸ ಬಿಟ್ಟ ಕಾರಣಕ್ಕೆ ಪ್ರೊಫೈಲಿನಲ್ಲಿ ಜಾಗವಿಲ್ಲ

ಕೆಲಸ ಹೋದ ದಿನ ರಾತ್ರಿ ಲಿಂಕ್ಡ್‌ಇನ್ ತೆರೆದು ಕೂರಬೇಡಿ. ಆ ಹೊತ್ತಿಗೆ ಕೈಗೆ ಬರುವುದೆಲ್ಲ ಮ್ಯಾನೇಜರ್ ಮುಖಕ್ಕೆ ಹೇಳಬೇಕಿದ್ದ ಮಾತು. ಆದರೆ ಅದನ್ನು ಓದುವವರು ಮುಂದಿನ ಕಂಪನಿಯ ಎಚ್‌ಆರ್.

ಬೆಂಗಳೂರಿನ ಪೀಣ್ಯದ ಕಡೆಯ ಒಂದು ಕಂಪನಿ ಎಂದುಕೊಳ್ಳಿ. ಅಲ್ಲಿನ ಖರೀದಿ ವಿಭಾಗದಲ್ಲಿ 2021ರ ಜೂನ್‌ನಿಂದ ಒಬ್ಬ ಹೆಣ್ಣುಮಗಳು ಎಕ್ಸಿಕ್ಯೂಟಿವ್ ಆಗಿದ್ದಾಳೆ. ಸರಕು ಗೋದಾಮಿಗೆ ಬಂದ ದಾಖಲೆ ಇಲ್ಲದ ಬಿಲ್ಲೊಂದನ್ನು ಪಾಸ್ ಮಾಡು ಎಂದು ಮ್ಯಾನೇಜರ್ ಹೇಳಿದಾಗ ಅವಳು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು, ಎರಡು ತಿಂಗಳು ಮುಸುಕಿನ ಗುದ್ದಾಟ ನಡೆಯಿತು. 2024ರ ಮಾರ್ಚ್‌ನಲ್ಲಿ ಎಚ್‌ಆರ್ ಒಳಗೆ ಕರೆದು, "ನೀವೇ ರಿಸೈನ್ ಮಾಡಿಬಿಡಿ ಮೇಡಂ, ಇಲ್ಲಾಂದ್ರೆ ಟರ್ಮಿನೇಷನ್ ಲೆಟರ್ ಕೊಡಬೇಕಾಗುತ್ತೆ" ಎಂದರು. ಖಾಸಗಿ ಕಂಪನಿಗಳಲ್ಲಿ ಜಗಳಗಳು ಹೀಗೆ ಮುಗಿಯುವುದು ಹೊಸದೇನಲ್ಲ. ಹೊರಗಿನವರ ಕಣ್ಣಿಗೆ ಅದು ರಾಜೀನಾಮೆ, ಒಳಗಿದ್ದವರಿಗೆ ವಜಾ. ಅವಳು ಮೇಲ್ ಕಳಿಸಿದಳು. ಮಾರ್ಚ್ 14 ಕೊನೆಯ ದಿನವಾಯಿತು.

ಅವಳು ಪ್ರೊಫೈಲಿನಲ್ಲಿ ಬರೆಯಹೊರಟದ್ದು ಇದು: 'ಅಕ್ರಮ ಬಿಲ್ಲುಗಳನ್ನು ಪ್ರಶ್ನಿಸಿದ್ದಕ್ಕೆ ಬಲವಂತದಿಂದ ಹೊರಹಾಕಲಾಯಿತು.' ಬರೆದದ್ದು ಸುಳ್ಳೇನಲ್ಲ. ಆದರೂ ಇದನ್ನು ಅಲ್ಲಿ ಹಾಕಬಾರದು, ಮರ್ಯಾದೆಗೆ ಅಂಜಿ ಮಾತ್ರ ಅಲ್ಲ. ಕಂಪನಿಯ ಹೆಸರು ಪಕ್ಕದಲ್ಲೇ ಇರುವಾಗ 'ಅಕ್ರಮ' ಎಂಬ ಪದ ಆರೋಪವಾಗುತ್ತದೆ. ಆರೋಪ ಮಾಡಿದವರೇ ಅದನ್ನು ಸಾಬೀತುಮಾಡಬೇಕು, ಇಲ್ಲದಿದ್ದರೆ ಮಾನಹಾನಿಯ ನೋಟಿಸು ಬರಬಹುದು. ಲೆಕ್ಕ ಚುಕ್ತಾ ಮಾಡುವಾಗ ಅವಳು ಸಹಿ ಹಾಕಿದ ಕಾಗದದಲ್ಲಿ 'ಪರಸ್ಪರ ಕೆಟ್ಟದಾಗಿ ಮಾತಾಡುವಂತಿಲ್ಲ' ಎಂಬ ಸಾಲೂ ಇರಬಹುದು. ಆ ಕಾಗದವನ್ನು ಯಾರೂ ಪೂರ್ತಿ ಓದುವುದಿಲ್ಲ, ಓದಬೇಕು. ಇನ್ನು ನೇಮಕ ಮಾಡುವವರ ಮಟ್ಟಿಗೆ, ಇಬ್ಬರ ಜಗಳದಲ್ಲಿ ಯಾರು ಸರಿ ಎಂದು ತೀರ್ಮಾನಿಸುವ ಪುರುಸೊತ್ತು ಅವರಿಗಿಲ್ಲ. ಮುಂದಿನ ಪ್ರೊಫೈಲಿಗೆ ಹೋಗುತ್ತಾರೆ, ಅಷ್ಟೆ.

ಹಾಗಾದರೆ ಅಲ್ಲಿ ಏನು ಬರೆಯಬೇಕು? ಲಿಂಕ್ಡ್‌ಇನ್‌ನಲ್ಲಿ ಒಂದು ಕೆಲಸದ ವಿವರ ತುಂಬುವಾಗ ಹುದ್ದೆ, ಕಂಪನಿ, ಊರು, ಸೇರಿದ ತಿಂಗಳು, ಬಿಟ್ಟ ತಿಂಗಳು, ಮಾಡಿದ ಕೆಲಸ ಇಷ್ಟನ್ನು ಕೇಳುತ್ತಾರೆ. ಬಿಟ್ಟ ಕಾರಣಕ್ಕೆ ಅಲ್ಲಿ ಕಾಲಮ್ಮೇ ಇಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ. ಅವಳ ಪ್ರೊಫೈಲಿಗೆ ಇಷ್ಟು ಸಾಕು: ಪರ್ಚೇಸ್ ಎಕ್ಸಿಕ್ಯೂಟಿವ್, ಜೂನ್ 2021ರಿಂದ ಮಾರ್ಚ್ 2024. ಕೆಳಗೆ ಎರಡು ಸಾಲು: 'ಕಚ್ಚಾ ಸಾಮಗ್ರಿ ಪೂರೈಕೆದಾರರ ಕೊಟೇಶನ್, ಪರ್ಚೇಸ್ ಆರ್ಡರ್ ಮತ್ತು ಬಿಲ್ ಪರಿಶೀಲನೆ ನೋಡಿಕೊಂಡೆ. ಆರ್ಡರ್, ಸರಕು ಬಂದ ರಸೀದಿ, ಬಿಲ್ಲು ಈ ಮೂರನ್ನೂ ತಾಳೆ ನೋಡಿ ಪಾವತಿಗೆ ಕಳಿಸುವುದು ನನ್ನ ಹೊಣೆ.' ಜಗಳ ಹುಟ್ಟಿದ ಜಾಗವೇ ಇಲ್ಲಿ ಅವಳ ಕಸುಬಿನ ಸಾಲಾಗಿ ಬಂದಿದೆ. ಖರೀದಿ ವಿಭಾಗದ ಒಳಹೊರಗು ಬಲ್ಲ ಯಾರಾದರೂ ಓದಿದರೆ ಇವಳು ಕಣ್ಣುಮುಚ್ಚಿ ಸಹಿ ಹಾಕುವವಳಲ್ಲ ಎಂದು ಗೊತ್ತಾಗುತ್ತದೆ.

ಬಿಟ್ಟ ತಿಂಗಳನ್ನು ತುಂಬುವಾಗ Notify network ಎಂಬುದನ್ನು ಆಫ್ ಮಾಡಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಸೋದರಮಾವನಿಂದ ಹಿಡಿದು ಹಳೇ ಸಹಪಾಠಿಯವರೆಗೆ ಎಲ್ಲರೂ 'ಏನಾಯ್ತು?' ಎಂದು ಕೇಳಲು ಶುರುಮಾಡುತ್ತಾರೆ. ಆದರೆ ತಿಂಗಳನ್ನೇ ತುಂಬದೆ, ಇನ್ನೂ ಅಲ್ಲೇ ಇರುವಂತೆ Present ಎಂದು ಬಿಡುವವರಿದ್ದಾರೆ. ತಟಸ್ಥ ಮಾತಿಗೂ ಸುಳ್ಳಿಗೂ ನಡುವಿನ ಗೆರೆ ಅಲ್ಲಿದೆ. ಒಂದೆರಡು ವಾರ ಯಾರೂ ಗಮನಿಸಲಿಕ್ಕಿಲ್ಲ. ನಾಲ್ಕು ತಿಂಗಳಾದ ಮೇಲೆ ಸಂದರ್ಶನದಲ್ಲಿ 'ನೋಟಿಸ್ ಪೀರಿಯಡ್ ಎಷ್ಟು?' ಎಂದು ಕೇಳಿದಾಗ ಬಾಯಿ ಕಟ್ಟುತ್ತದೆ.

ಲಿಂಕ್ಡ್‌ಇನ್ 2022ರಲ್ಲಿ 'ಕರಿಯರ್ ಬ್ರೇಕ್' ಎಂಬ ಸೌಲಭ್ಯ ತಂದಿತು. ಕೆಲಸವಿಲ್ಲದ ಅವಧಿಗೆ ಒಂದು ಕಾರಣವನ್ನು ಪಟ್ಟಿಯಿಂದ ಆರಿಸಬಹುದು. ಅದರಲ್ಲಿ Layoff/position eliminated ಎಂಬುದೂ ಒಂದು. ಸಾಮೂಹಿಕವಾಗಿ ತೆಗೆದರೆ ಯಾರೂ ತಪ್ಪು ತಿಳಿಯುವುದಿಲ್ಲ ಎಂಬ ಲೆಕ್ಕದಲ್ಲಿ ಇದನ್ನು ಆರಿಸಲು ಮನಸ್ಸಾಗುತ್ತದೆ. ಆದರೆ ಇವಳ ಹುದ್ದೆ ರದ್ದಾಗಿಲ್ಲ. ಆ ಕುರ್ಚಿಯಲ್ಲಿ ಈಗ ಇನ್ನೊಬ್ಬರು ಕೂತಿದ್ದಾರೆ, ಅವರ ಪ್ರೊಫೈಲೂ ಅದೇ ಜಾಲದಲ್ಲಿದೆ. ಬೇಕೇಬೇಕೆಂದರೆ Career transition ಸಾಕು. ನನ್ನನ್ನು ಕೇಳಿದರೆ ಐದಾರು ತಿಂಗಳ ಬಿಡುವಿಗೆ ಆ ಸಾಲೇ ಬೇಡ.

ಪ್ರೊಫೈಲಿನ ಕೆಲಸ ಇಷ್ಟಕ್ಕೆ ಮುಗಿಯಿತು. ಕಷ್ಟವಿರುವುದು ಅದರ ಹಿಂದಿನ ಕಾಗದಗಳಲ್ಲಿ. ಪ್ರೊಫೈಲಿನ ಮಾತು ಎಷ್ಟು ನಾಜೂಕಾಗಿದ್ದರೂ ಹಳೇ ಕಂಪನಿಯ ದಾಖಲೆ ಬೇರೆ ಹೇಳಿದರೆ ಪ್ರಯೋಜನವಿಲ್ಲ. ಹೊಸ ಕಂಪನಿ ಆಫರ್ ಕೊಟ್ಟ ಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಅನ್ನು ಸಾಮಾನ್ಯವಾಗಿ ಬೇರೊಂದು ಏಜೆನ್ಸಿಗೆ ಒಪ್ಪಿಸುತ್ತದೆ. ಏಜೆನ್ಸಿಯವರು ಹಳೇ ಎಚ್‌ಆರ್‌ಗೆ ಒಂದು ಫಾರ್ಮ್ ಮೇಲ್ ಮಾಡುತ್ತಾರೆ. ಹುದ್ದೆ, ದಿನಾಂಕ, ಕೊನೆಯ ಸಂಬಳದ ಜೊತೆಗೆ 'ಬಿಟ್ಟ ಕಾರಣ' ಮತ್ತು 'ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವಿರಾ' ಎಂಬ ಎರಡು ಪ್ರಶ್ನೆಗಳೂ ಅದರಲ್ಲಿ ಇರುತ್ತವೆ. ಹುದ್ದೆ ಮತ್ತು ದಿನಾಂಕ ಬಿಟ್ಟು ಬೇರೇನೂ ಹೇಳುವುದಿಲ್ಲ ಎಂಬ ನಿಯಮ ಇಟ್ಟುಕೊಂಡ ಕಂಪನಿಗಳಿವೆ. ಉಳಿದ ಕಡೆ, ಆ ಜಗಳ ಕಂಡೇ ಇರದ ಯಾರೋ ಒಬ್ಬರು ತಮ್ಮ ಸಾಫ್ಟ್‌ವೇರಿನಲ್ಲಿ ನಿಮ್ಮ ಹೆಸರಿನ ಮುಂದೆ ಏನಿದೆಯೋ ಅದನ್ನೇ ನಕಲು ಮಾಡಿ ಕಳಿಸುತ್ತಾರೆ. ರಿಸೈನ್ಡ್, ಟರ್ಮಿನೇಟೆಡ್, ಅಬ್‌ಸ್ಕಾಂಡೆಡ್, ಹೀಗೆ ಒಂದೇ ಪದ. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ಜಗಳವಾಡಿಕೊಂಡು ಎದ್ದುಹೋಗಿ, ಮೇಲೂ ಕಳಿಸದೆ, ಲ್ಯಾಪ್‌ಟಾಪೂ ವಾಪಸ್ ಕೊಡದೆ ಕೂತವರಿಗೆ ಬೀಳುವ ಮುದ್ರೆ ಅದು. ಆದ್ದರಿಂದ ಎಷ್ಟೇ ಸಿಟ್ಟಿದ್ದರೂ ಕೊಟ್ಟ ವಸ್ತು ವಾಪಸ್ ಮಾಡಿ ಸ್ವೀಕೃತಿ ಪಡೆಯಬೇಕು.

ಆ ಒಂದು ಪದದ ಬಗ್ಗೆ ಮಾತಾಡಬೇಕಾದ್ದು ಹೊರಬೀಳುವ ಮೊದಲೇ. ರಾಜೀನಾಮೆ ಕೇಳುವ ದಿನ ಕಂಪನಿಗೂ ಗಲಾಟೆ ಬೇಕಿರುವುದಿಲ್ಲ, ಆಗ ಅವರು ಒಪ್ಪುವ ಮಾತನ್ನು ಎರಡು ತಿಂಗಳ ಮೇಲೆ ಫೋನೆತ್ತಿ ಕೇಳುವವರೂ ಇರುವುದಿಲ್ಲ. ನಮ್ಮ ಉದಾಹರಣೆಯ ಹೆಣ್ಣುಮಗಳು ಎಚ್‌ಆರ್‌ಗೆ ಮೂರು ಸಾಲಿನ ಮೇಲ್ ಹಾಕಬೇಕು: ಇಂದಿನ ಮಾತುಕತೆಯಂತೆ ರಾಜೀನಾಮೆ ಕಳಿಸಿದ್ದೇನೆ, ಕೊನೆಯ ದಿನ ಮಾರ್ಚ್ 14 ಎಂದು ದಾಖಲಿಸಿ, ರಿಲೀವಿಂಗ್ ಲೆಟರ್‌ನಲ್ಲೂ ವಿಚಾರಣೆಗೆ ಕೊಡುವ ಉತ್ತರದಲ್ಲೂ 'ರಿಸೈನ್ಡ್' ಎಂದೇ ಇರುತ್ತದೆ ಎಂದು ಖಚಿತಪಡಿಸಿ. 'ಇಂದಿನ ಮಾತುಕತೆಯಂತೆ' ಎಂಬ ಪದಗಳು ಸುಮ್ಮನೆ ಬಂದವಲ್ಲ. ಕೇಳಿದ್ದು ಅವರು, ಕೊಟ್ಟದ್ದು ಇವಳು ಎಂಬುದಕ್ಕೆ ಅದು ಸಾಕ್ಷಿ. ಲೆಟರ್ ಕೈಗೆ ಬಂದಾಗ ಏನಿದೆ ಎಂದು ನೋಡುವುದರ ಜೊತೆಗೆ ಏನಿಲ್ಲ ಎಂದೂ ನೋಡಬೇಕು. ಕಂಪನಿಯ ಉಳಿದೆಲ್ಲ ಲೆಟರುಗಳಲ್ಲಿ ಇರುವ 'ನಡತೆ ಉತ್ತಮವಾಗಿತ್ತು, ಮುಂದಿನ ದಿನಗಳಿಗೆ ಶುಭಾಶಯ' ಎಂಬ ಮಾಮೂಲಿ ಸಾಲು ನಿಮ್ಮದರಲ್ಲಿ ಮಾತ್ರ ಇಲ್ಲದಿದ್ದರೆ, ಓದಿ ಪಳಗಿದವರಿಗೆ ಅದು ತಿಳಿಯುತ್ತದೆ. ಆ ಸಾಲನ್ನು ಕೇಳಿ ಹಾಕಿಸಿಕೊಳ್ಳಬಹುದು.

ಇನ್ನೊಂದು ದಾಖಲೆ ಪಿಎಫ್‌ನದು. ಇಪಿಎಫ್‌ಒ ಸದಸ್ಯರ ಪೋರ್ಟಲ್‌ನಲ್ಲಿ ಯುಎಎನ್ ಹಾಕಿ ಒಳಹೊಕ್ಕು View ಎಂಬಲ್ಲಿ Service History ತೆರೆದರೆ ನೀವು ಕೆಲಸ ಮಾಡಿದ ಕಂಪನಿಗಳು, ಸೇರಿದ ಮತ್ತು ಬಿಟ್ಟ ದಿನಾಂಕಗಳು ಕಾಣುತ್ತವೆ. ಹೊಸ ಕಂಪನಿಯವರು ಇದರ ಪ್ರತಿ ಕೇಳುವುದುಂಟು. ಇದರಲ್ಲಿ ಒಂದು ಸಮಾಧಾನದ ಸಂಗತಿಯಿದೆ. ನಿವೃತ್ತಿ, ಮರಣ, ಅಂಗವೈಕಲ್ಯದಂಥವನ್ನು ಬಿಟ್ಟರೆ ಉಳಿದವರೆಲ್ಲರಿಗೂ ಪಿಎಫ್ ಲೆಕ್ಕದಲ್ಲಿ ಬರೆಯುವ ಕಾರಣ ಒಂದೇ: Cessation (Short Service). ತಾನಾಗಿ ಬಿಟ್ಟವರೂ ಬಿಡಿಸಲ್ಪಟ್ಟವರೂ ಅಲ್ಲಿ ಒಂದೇ ಸಾಲಿನವರು. ತಟಸ್ಥ ಪದ ಹೇಗಿರಬೇಕೆಂದು ಸರ್ಕಾರಿ ಕಚೇರಿಯೇ ತೋರಿಸಿಕೊಟ್ಟಂತಾಯಿತು!

ತೊಡಕಾಗುವುದು ದಿನಾಂಕದಲ್ಲಿ. ಜಗಳವಾಡಿ ಹೋದವರ ಬಿಟ್ಟ ದಿನಾಂಕವನ್ನು ತುಂಬಲು ಕಂಪನಿಯವರು ಉದಾಸೀನ ಮಾಡಿದರೆ ಆ ಜಾಗ ಖಾಲಿ ಉಳಿಯುತ್ತದೆ. ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಅದೇ ಪೋರ್ಟಲ್‌ನ Manage ವಿಭಾಗದ Mark Exit ಎಂಬಲ್ಲಿ ಆಧಾರ್ ಒಟಿಪಿ ಕೊಟ್ಟು ನೀವೇ ತುಂಬಬಹುದು. ಕೊನೆಯ ಕಂತು ಯಾವ ತಿಂಗಳದ್ದೋ ಆ ತಿಂಗಳೊಳಗಿನ ದಿನಾಂಕವನ್ನು ಮಾತ್ರ ಅದು ಒಪ್ಪುತ್ತದೆ. ಇವಳ ಲೆಟರ್‌ನಲ್ಲಿ ಮಾರ್ಚ್ 14, ಪಿಎಫ್‌ನಲ್ಲಿ ಮಾರ್ಚ್ 31 ಎಂದಿದ್ದರೆ ಲಿಂಕ್ಡ್‌ಇನ್‌ಗೆ ತೊಂದರೆಯಿಲ್ಲ, ಅದು ಬರೀ ತಿಂಗಳು ಕೇಳುತ್ತದೆ. ಹೊಸ ಕಂಪನಿಯ ಅರ್ಜಿ ಮಾತ್ರ ದಿನವನ್ನೂ ಕೇಳುತ್ತದೆ. ಅಲ್ಲಿ ಲೆಟರ್‌ನ ದಿನಾಂಕ ಬರೆದು, ವ್ಯತ್ಯಾಸವನ್ನು ಮೊದಲೇ ತಿಳಿಸಿಬಿಡಬೇಕು.

ಆ ಅರ್ಜಿಯಲ್ಲಿ 'ನಿಮ್ಮನ್ನು ಎಂದಾದರೂ ಕೆಲಸದಿಂದ ವಜಾ ಮಾಡಲಾಗಿತ್ತೇ?' ಎಂಬ ನೇರ ಪ್ರಶ್ನೆಯಿದ್ದರೆ ತಟಸ್ಥ ಮಾತಿನ ಆಟ ಅಲ್ಲಿಗೆ ಮುಗಿಯಿತು. ಕೈಯಲ್ಲಿ ಟರ್ಮಿನೇಷನ್ ಲೆಟರ್ ಇರುವವರು 'ಇಲ್ಲ' ಎಂದು ಬರೆಯುವ ಹಾಗಿಲ್ಲ. ತಪ್ಪು ಮಾಹಿತಿ ಕೊಟ್ಟಿದ್ದರೆ ಯಾವಾಗ ಬೇಕಾದರೂ ತೆಗೆದುಹಾಕಬಹುದು ಎಂಬ ಷರತ್ತು ಆಫರ್ ಲೆಟರುಗಳಲ್ಲಿ ಇದ್ದೇ ಇರುತ್ತದೆ. 'ಹೌದು' ಎಂದು ಬರೆದು ಒಂದು ಸಾಲಿನ ವಿವರ ಕೊಡಬೇಕು. ಇವಳದು ಹಾಗಲ್ಲ, ಕಾಗದದ ಮೇಲೆ ರಾಜೀನಾಮೆ. 'ಇಲ್ಲ' ಎಂಬುದು ಅವಳ ಮಟ್ಟಿಗೆ ನಿಜ.

ಕಾನೂನಿನ ದಾರಿ ಹಿಡಿಯುವ ಯೋಚನೆ ಇದ್ದವರು ಪ್ರೊಫೈಲಿನಲ್ಲಿ ಇನ್ನೊಂದು ಎಚ್ಚರ ವಹಿಸಬೇಕು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಆರು ತಿಂಗಳು ಸತತವಾಗಿ ದುಡಿದವರನ್ನು ಸೂಕ್ತ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆಯುವಂತಿಲ್ಲ. ದುರ್ನಡತೆ ವಿಚಾರಣೆಯಲ್ಲಿ ಸಾಬೀತಾಗಿದ್ದರೆ ಮಾತ್ರ ನೋಟಿಸು ಬೇಕಿಲ್ಲ. ನಮ್ಮ ಐಟಿ ಕಚೇರಿಗಳಿಗೂ ಈ ಕಾಯ್ದೆ ಅನ್ವಯಿಸುತ್ತದೆ. ನನ್ನನ್ನು ಒತ್ತಾಯದಿಂದ ಬಿಡಿಸಿದರು ಎಂದು ನಾಳೆ ದೂರು ಕೊಡುವವರು ಇಂದು 'ಹೊಸ ಅವಕಾಶಗಳನ್ನು ಅರಸಿ ಸ್ವಇಚ್ಛೆಯಿಂದ ಹೊರಟಿದ್ದೇನೆ, ಈ ಕುಟುಂಬಕ್ಕೆ ಸದಾ ಋಣಿ' ಎಂದು ಪೋಸ್ಟ್ ಹಾಕಿದರೆ, ಕಂಪನಿಯ ವಕೀಲರು ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುತ್ತಾರೆ. ಬೈಗುಳದಷ್ಟೇ ಹೊಗಳಿಕೆಯೂ ದುಬಾರಿ. ದಿನಾಂಕವೊಂದನ್ನೇ ಬರೆದವರ ಮಾತು ಯಾವ ಕಡೆಗೂ ವಾಲುವುದಿಲ್ಲ.

ಸಂದರ್ಶನದಲ್ಲಿ ಕಾರಣ ಕೇಳಿಯೇ ಕೇಳುತ್ತಾರೆ. 'ವೈಯಕ್ತಿಕ ಕಾರಣ' ಎಂದರೆ ಕುತೂಹಲ ಇನ್ನಷ್ಟು ಹೆಚ್ಚುತ್ತದೆ. ಅವಳು ಹೀಗೆ ಹೇಳಬಹುದು: "ಬಿಲ್ ಪಾಸ್ ಮಾಡೋ ಕ್ರಮದ ಬಗ್ಗೆ ನನಗೂ ಮ್ಯಾನೇಜರ್‌ಗೂ ಹೊಂದಾಣಿಕೆ ಆಗ್ಲಿಲ್ಲ ಸರ್. ಮಾತಾಡ್ಕೊಂಡು ಮಾರ್ಚ್‌ನಲ್ಲಿ ಬಿಟ್ಟೆ. ಅಲ್ಲಿ ಆರ್ಡರಿಂದ ಪೇಮೆಂಟ್‌ವರೆಗೆ ಪೂರ್ತಿ ನಾನೇ ನೋಡ್ಕೋತಿದ್ದೆ." ಆಮೇಲೆ ಸುಮ್ಮನಾಗಬೇಕು. ಮೌನ ತುಂಬಲು ಹೋದಾಗಲೇ ಹಳೇ ಕತೆಯೆಲ್ಲ ಹೊರಬರುವುದು. ರೆಫರೆನ್ಸ್ ಕೇಳಿದರೆ ಆ ಮ್ಯಾನೇಜರ್ ಹೆಸರೇ ಕೊಡಬೇಕೆಂದಿಲ್ಲ. ಅವಳ ಬಿಲ್ಲುಗಳನ್ನು ದಿನವೂ ನೋಡುತ್ತಿದ್ದ ಅಕೌಂಟ್ಸ್‌ನ ಹಿರಿಯರೊಬ್ಬರಿದ್ದರೆ, ಮೊದಲೇ ಫೋನ್ ಮಾಡಿ ಒಪ್ಪಿಗೆ ಪಡೆದು ಅವರ ನಂಬರ್ ಕೊಡಬಹುದು.