ಪಕ್ಕದ ಹೊಲಿಗೆಯೊಳಗಿನ ಚೀಟಿ

ಅಂಗಿಯ ಒಳಗೆ, ಪಕ್ಕದ ಹೊಲಿಗೆಗೆ ಅಂಟಿಕೊಂಡು ಸಣ್ಣದೊಂದು ಬಿಳಿ ಚೀಟಿ ಇರುತ್ತದೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರು ಅದನ್ನು ವಾಷ್ ಕೇರ್ ಎನ್ನುತ್ತಾರೆ. ಸೊಂಟಕ್ಕೆ ಚುಚ್ಚುತ್ತದೆಂದು ನಮ್ಮಲ್ಲಿ ಎಷ್ಟೋ ಜನ ಮೊದಲ ದಿನವೇ ಕತ್ತರಿಸಿ ಬಿಸಾಡುತ್ತಾರೆ. ದೊಡ್ಡ ಬ್ರ್ಯಾಂಡುಗಳ ನಕಲು ಹೊಲಿಯುವವರು ಎದೆಯ ಮೇಲಿನ ಲಾಂಛನಕ್ಕೆ, ಕತ್ತಿನ ಲೇಬಲ್ಲಿಗೆ ಗಮನ ಕೊಟ್ಟಷ್ಟು ಈ ಚೀಟಿಗೆ ಕೊಡುವುದಿಲ್ಲ. ಕೊಳ್ಳುವವರು ಅದನ್ನು ಓದುವುದಿಲ್ಲ ಎಂಬುದು ಅವರಿಗೆ ಗೊತ್ತು.

ಈಗ ನನ್ನ ಮುಂದೆ ಒಂದು ಕಪ್ಪು ಟೀ ಶರ್ಟ್ ಇದೆ. ಕತ್ತಿನಲ್ಲಿ ವಿದೇಶಿ ಬ್ರ್ಯಾಂಡಿನ ಹೆಸರು. ವಾಷ್ ಕೇರ್‌ನಲ್ಲಿ ಇಂಗ್ಲಿಷಿನ ಸಾಲು 100% ಹತ್ತಿ ಎನ್ನುತ್ತದೆ. ಅದರ ಕೆಳಗಿನ ಫ್ರೆಂಚ್ ಸಾಲಿನಲ್ಲಿ ಹತ್ತಿ 95%, ಎಲಾಸ್ಟೇನ್ 5%. ಜರ್ಮನ್ ಸಾಲಿಗೆ ಬಂದರೆ ಪಾಲಿಯೆಸ್ಟರ್ 65%, ಹತ್ತಿ 35%. ಒಂದೇ ಬಟ್ಟೆಗೆ ಮೂರು ಹುಟ್ಟು! ಬೇರೆ ಯಾವುದೋ ಉಡುಪಿನ ಚೀಟಿಯನ್ನು ನಕಲು ಮಾಡಿ, ತಮಗೆ ಓದಲು ಬರುವ ಇಂಗ್ಲಿಷ್ ಸಾಲನ್ನು ಮಾತ್ರ ತಿದ್ದಿದಾಗ ಹೀಗಾಗುತ್ತದೆ. ಯುರೋಪಿನಲ್ಲಿ ಮಾರುವ ಬಟ್ಟೆಯ ನಾರುಗಳನ್ನು ಆಯಾ ದೇಶದ ಭಾಷೆಯಲ್ಲಿ, ಹೆಚ್ಚಿನ ಪ್ರಮಾಣದ್ದು ಮೊದಲು ಬರುವಂತೆ ಬರೆಯಬೇಕೆಂದು ಅಲ್ಲಿನ 2011ರ ನಿಯಮ ಹೇಳುತ್ತದೆ. ಆದ್ದರಿಂದಲೇ ಅಸಲಿ ಚೀಟಿಯಲ್ಲಿ ಅಷ್ಟೊಂದು ಭಾಷೆಗಳು. ಆ ಭಾಷೆಗಳು ನಮಗೆ ಬರಬೇಕಾಗಿಲ್ಲ. ಅಂಕಿಗಳನ್ನಷ್ಟೇ ನೋಡುತ್ತ ಹೋದರೆ ಸಾಕು: ಎಲ್ಲ ಸಾಲಿನಲ್ಲೂ ಅವೇ ಇರಬೇಕು, ಕೂಡಿದರೆ ನೂರಾಗಬೇಕು.

ಕಾಗುಣಿತದ ತಪ್ಪುಗಳೂ ಉಂಟು. ಪಾಲಿಯೆಸ್ಟರ್ ಎಂಬುದರ ಇಂಗ್ಲಿಷ್ ರೂಪದಲ್ಲಿ ನಡುವಿನ ಒಂದಕ್ಷರ ಹಾರಿಹೋಗಿರುತ್ತದೆ, ಹತ್ತಿಯ ಸ್ಪ್ಯಾನಿಷ್ ಹೆಸರಿನ ಮೇಲಿನ ಗೆರೆ ಮಾಯವಾಗಿರುತ್ತದೆ. ಇವನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ, ಅಸಲಿ ಕಂಪನಿಗಳ ಚೀಟಿಯಲ್ಲೂ ಅಚ್ಚಿನ ದೋಷ ನುಸುಳುತ್ತದೆ. ಆದರೆ ಚಿಹ್ನೆಗಳು ನಾರಿಗೆ ಹೊಂದದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಇಸ್ತ್ರಿಪೆಟ್ಟಿಗೆಯೊಳಗಿನ ಒಂದು ಚುಕ್ಕೆಯೆಂದರೆ ಹೆಚ್ಚೆಂದರೆ 110 ಡಿಗ್ರಿ ಸೆಲ್ಸಿಯಸ್, ಎರಡಕ್ಕೆ 150, ಮೂರಕ್ಕೆ 200. ಮೂರು ಚುಕ್ಕೆ ಹತ್ತಿಗೆ, ನಾರಗಸೆಗೆ ಸರಿ. ಪೂರ್ತಿ ಪಾಲಿಯೆಸ್ಟರ್ ಎಂದು ಬರೆದ ಚೀಟಿಯಲ್ಲಿ ಅದೇ ಮೂರು ಚುಕ್ಕೆ ಇದ್ದರೆ, ಅದನ್ನು ನಂಬಿ ಇಸ್ತ್ರಿ ಹಾಕಿದವರ ಬಟ್ಟೆ ಹಾಳಾಗುತ್ತದೆ.

ಇಷ್ಟಾದರೂ ಅಚ್ಚನ್ನು ಚೆನ್ನಾಗಿ ನಕಲು ಮಾಡಬಹುದು. ಹೊಲಿಗೆಯಲ್ಲಿ ಅದು ಅಷ್ಟು ಸುಲಭವಲ್ಲ. ಕಾರ್ಖಾನೆಯಲ್ಲಿ ಮುಂಭಾಗ, ಹಿಂಭಾಗದ ತುಂಡುಗಳನ್ನು ಜೋಡಿಸುವಾಗಲೇ ವಾಷ್ ಕೇರನ್ನು ಎರಡರ ನಡುವೆ ಇಟ್ಟು ಓವರ್‌ಲಾಕ್ ಯಂತ್ರಕ್ಕೆ ಕೊಡುತ್ತಾರೆ. ಬಟ್ಟೆಯ ಅಂಚನ್ನು ಸುತ್ತುವ ದಾರವೇ ಚೀಟಿಯ ತುದಿಯನ್ನೂ ಸುತ್ತಿ ಹಿಡಿಯುತ್ತದೆ. ಇದಕ್ಕೆ ಬದಲು, ಅಗ್ಗದ ಸಾದಾ ಟೀ ಶರ್ಟುಗಳನ್ನು ಸಗಟಾಗಿ ತಂದು ಬ್ರ್ಯಾಂಡಿನ ಹೆಸರು ಅಂಟಿಸುವವರ ಕೈಗೆ ಬರುವುದು ಹೊಲಿದು ಮುಗಿದ ಬಟ್ಟೆ. ಅವರು ಓವರ್‌ಲಾಕ್ ಮೇಲೆಯೇ ಚೀಟಿಯನ್ನಿಟ್ಟು ಸಾದಾ ಯಂತ್ರದಲ್ಲಿ ಒಂದು ಗೆರೆ ಹೊಲಿಯುತ್ತಾರೆ. ನನ್ನ ಟೀ ಶರ್ಟಿನಲ್ಲಿ ಆಗಿರುವುದು ಇದೇ. ಅಂಚಿನ ದಾರ ಕಪ್ಪು, ಚೀಟಿ ಹಿಡಿದಿರುವ ದಾರ ಬಿಳಿ. ಅದನ್ನು ಬಿಚ್ಚಿದರೆ ಚೀಟಿ ಕಳಚಿ ಬರುತ್ತದೆ, ಪಕ್ಕದ ಹೊಲಿಗೆಗೆ ಏನೂ ಆಗುವುದಿಲ್ಲ. ಕತ್ತಿನಲ್ಲಿ ಹೊಸ ಲೇಬಲ್ಲಿನ ಅಡಿಯಲ್ಲಿ ಹಳೆಯದರ ಕತ್ತರಿಸಿದ ಮೊಂಡು ತುದಿ ಬೆರಳಿಗೆ ಸಿಗುತ್ತದೆ.

ಲೇಬಲ್ ಕತ್ತರಿಸಿದ ಬಟ್ಟೆಯೆಲ್ಲ ನಕಲಿಯಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ಗಳು ವಿದೇಶಿ ಬ್ರ್ಯಾಂಡುಗಳಿಗೆ ಹೊಲಿಯುತ್ತವೆ. ಅಲ್ಲಿ ಉಳಿದ, ತಿರಸ್ಕೃತವಾದ ಮಾಲು ಎಕ್ಸ್‌ಪೋರ್ಟ್ ಸರ್‌ಪ್ಲಸ್ ಆಗಿ ಹೊರಬರುವಾಗ ಬ್ರ್ಯಾಂಡಿನ ಹೆಸರನ್ನು ಕತ್ತರಿಸಿಯೋ ಗೀರಿಯೋ ಕಳಿಸುವುದುಂಟು. ಅಮೆರಿಕದ ಮಾರುಕಟ್ಟೆಯ ಚೀಟಿಯಲ್ಲಿ ಆರ್‌ಎನ್ ಎಂಬ ಸಂಖ್ಯೆ ಇದ್ದರೆ, ಅದು ಯಾವ ಕಂಪನಿಯದೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿನ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಸಂಬಂಧವೇ ಇಲ್ಲದ ಹೆಸರು ಬಂದರೆ ಎಚ್ಚರಗೊಳ್ಳಬೇಕು, ಆದರೂ ಅದು ಆಮದುದಾರನದ್ದೂ ಆಗಿರಬಹುದು. ಸರಿಯಾದ ಹೆಸರೇ ಬಂದರೂ ನಿಶ್ಚಿಂತರಾಗುವಂತಿಲ್ಲ, ಸಂಖ್ಯೆಯನ್ನೂ ನಕಲು ಮಾಡಬಹುದಲ್ಲ.

ಕೊನೆಗೆ ಬಟ್ಟೆಯನ್ನೇ ಕೇಳಬೇಕಾಯಿತು. ಒಳ ಅಂಚಿನಿಂದ ಬಟ್ಟೆಯ ಎಳೆಯನ್ನು ಬಿಡಿಸಿ, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಉರಿಸಿದೆ. ಹೊಲಿಗೆಯ ದಾರವನ್ನು ಸುಡಬಾರದು, ಹತ್ತಿಯ ಅಂಗಿಯಲ್ಲೂ ಅದು ಸಾಮಾನ್ಯವಾಗಿ ಪಾಲಿಯೆಸ್ಟರ್ ಆಗಿರುತ್ತದೆ. ಶುದ್ಧ ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಇಲ್ಲಿ ಕಾಗದದ ವಾಸನೆಯೇನೋ ಬಂತು, ಆದರೆ ಎಳೆಯ ತುದಿ ಕರಗಿ, ಆರಿದ ಮೇಲೆ ಉಗುರಿಗೂ ಒಡೆಯದ ಕಪ್ಪು ಮಣಿಯಾಗಿ ಕುಳಿತಿತ್ತು. ಇದು ಮಿಶ್ರ ಬಟ್ಟೆ. ಚೀಟಿಯಲ್ಲಿದ್ದ ಮೂರು ಸಾಲುಗಳಲ್ಲಿ ಇದಕ್ಕೆ ಹತ್ತಿರವಾದದ್ದು ತಿದ್ದದೆ ಬಿಟ್ಟ ಆ ಜರ್ಮನ್ ಸಾಲು.