ಮಗುವಿನ ಲಸಿಕೆ: ದಿನ ಲೆಕ್ಕ ಹಾಕುವುದು ಹೇಗೆ?

ಹುಟ್ಟಿದ ಕೂಡಲೇ ಕೊಡುವ ಬಿಸಿಜಿ, ಪೋಲಿಯೋ ಹನಿ ಮತ್ತು ಹೆಪಟೈಟಿಸ್ ಬಿ ಲಸಿಕೆಗಳನ್ನು ಆಸ್ಪತ್ರೆಯವರೇ ನೋಡಿಕೊಳ್ಳುತ್ತಾರೆ. ಆಮೇಲಿನ ದಿನಗಳನ್ನು ನೆನಪಿಡಬೇಕಾದವರು ನಾವು. ತಾಯಿ ಕಾರ್ಡ್‌ನಲ್ಲಿ ‘6 ವಾರ, 10 ವಾರ, 14 ವಾರ’ ಎಂದಿರುತ್ತದೆಯೇ ಹೊರತು ನಮ್ಮ ಮಗುವಿಗೆ ಅದು ಯಾವ ತಾರೀಖು ಎಂಬುದನ್ನು ನಾವೇ ಕಂಡುಕೊಳ್ಳಬೇಕು.

ಒಂದು ಉದಾಹರಣೆ ನೋಡೋಣ. ಮಗು 2026ರ ಜನವರಿ 2, ಶುಕ್ರವಾರ ಹುಟ್ಟಿತು ಎಂದುಕೊಳ್ಳಿ. ಆರು ವಾರ ತುಂಬುವುದು ಫೆಬ್ರವರಿ 13ರ ಶುಕ್ರವಾರ. ನಮ್ಮಲ್ಲಿ ಅನೇಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಗುರುವಾರ. 12ರಂದು ಹೋದರೆ ಒಂದು ದಿನ ಕಡಿಮೆ, ಆದ್ದರಿಂದ ಮೊದಲ ಡೋಸ್ 19ಕ್ಕೆ. ಪೆಂಟಾವಲೆಂಟ್ ಚುಚ್ಚುಮದ್ದು, ರೋಟಾ ಮತ್ತು ಪೋಲಿಯೋ ಹನಿ ಇತ್ಯಾದಿ ಅಂದೇ ಆಗುತ್ತವೆ. ಮುಂದಿನ ಡೋಸ್‌ಗೆ ಕನಿಷ್ಠ ನಾಲ್ಕು ವಾರಗಳ ಅಂತರ ಬೇಕು. ಅಂದರೆ ಎರಡನೆಯದು ಮಾರ್ಚ್ 19, ಮೂರನೆಯದು ಏಪ್ರಿಲ್ 16.

ಮಾರ್ಚ್ 19 ಎಂದರೆ ರಮಝಾನಿನ ಕೊನೆ. ಈದ್‌ನ ತಯಾರಿ, ಮೇಲಾಗಿ ಜ್ವರ ಬಂದರೆ ಹಬ್ಬದ ದಿನ ಮಗು ಅಳುತ್ತದೆ ಎಂಬ ಅಜ್ಜಿಯ ಆತಂಕ. ‘ಹಬ್ಬ ಕಳೆಯಲಿ’ ಎಂದು ಮುಂದೂಡುವುದು ಇಲ್ಲಿಯೇ. ಲಸಿಕೆಯ ಜ್ವರ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಎಷ್ಟೆಂದು ನರ್ಸಮ್ಮನನ್ನೇ ಕೇಳಿಕೊಳ್ಳಿ. ಇನ್ನು, ಆ ವಾರ ತಪ್ಪಿಯೇ ಹೋಯಿತೆಂದರೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಮಾರ್ಚ್ 26ಕ್ಕೆ ಹೋಗಿ, ಆದರೆ ಮೂರನೆಯದು ಏಪ್ರಿಲ್ 23ಕ್ಕೆ ಸರಿಯುತ್ತದೆ. ಕಾರ್ಡ್‌ನಲ್ಲಿ ಹಳೆಯ ತಾರೀಖನ್ನು ಹೊಡೆದು ಹೊಸದನ್ನು ಬರೆಸಿಕೊಳ್ಳಿ. ಬಾಣಂತಿ ತವರಿನಲ್ಲಿದ್ದರೆ ಕಾರ್ಡ್ ಅಲ್ಲೇ ಇರಲಿ. ಗಂಡನ ಮನೆಯ ಕಪಾಟಿನಲ್ಲಿದ್ದರೆ ಉಪಯೋಗವಿಲ್ಲ.

ಒಂಬತ್ತು ತಿಂಗಳು ತುಂಬುವುದು ಅಕ್ಟೋಬರ್ 2ಕ್ಕೆ. ದಡಾರ-ರುಬೆಲ್ಲಾ ಲಸಿಕೆಗೆ ಅಕ್ಟೋಬರ್ 8ರ ಗುರುವಾರ ಹೋಗಿ. ತಾಯಿಯಿಂದ ಬಂದ ರೋಗನಿರೋಧಕ ಅಂಶ ಅದಕ್ಕಿಂತ ಮೊದಲು ಲಸಿಕೆಗೆ ಅಡ್ಡ ಬರಬಹುದು. ಆದ್ದರಿಂದ ಹಿಜರಿ ತಿಂಗಳಲ್ಲಿ ಎಣಿಸಬೇಡಿ, ಒಂಬತ್ತು ತಿಂಗಳಿಗೆ ಎಂಟು ದಿನ ಮೊದಲೇ ಮುಗಿದುಬಿಡುತ್ತದೆ. ಅದೇ ದಿನ ವಿಟಮಿನ್ ಎ ಹನಿಯೂ ಶುರುವಾಗುತ್ತದೆ.

ಮರೆವು ಹೆಚ್ಚುವುದು ಇಲ್ಲಿಂದ ಮುಂದೆ, ಏಕೆಂದರೆ ಮಗು ಓಡಾಡುತ್ತಿರುತ್ತದೆ, ನೆನಪಿಸುವವರು ಕಡಿಮೆ. ಹದಿನಾರು ತಿಂಗಳು ತುಂಬಿದ ಮೇಲೆ, ಅಂದರೆ 2027ರ ಮೇ 6ಕ್ಕೆ, ದಡಾರ-ರುಬೆಲ್ಲಾ ಎರಡನೇ ಡೋಸ್, ಡಿಪಿಟಿ ಮತ್ತು ಪೋಲಿಯೋ ಬೂಸ್ಟರ್. ವಿಟಮಿನ್ ಎ ಎರಡನೇ ಡೋಸ್ ಸಹ ಅಂದೇ. ಆಮೇಲೆ ಪ್ರತಿ ನವೆಂಬರ್ ಮತ್ತು ಮೇ ತಿಂಗಳಲ್ಲಿ ವಿಟಮಿನ್ ಎ ಮಾತ್ರ. 2030ರ ನವೆಂಬರ್‌ಗೆ ಒಂಬತ್ತು ಡೋಸ್ ಪೂರ್ಣವಾಗುತ್ತದೆ. ಹನಿಗೆ ಹೋದಾಗಲೇ ತೂಕ, ಎತ್ತರ ನೋಡಿಸಿ. ಕಾರ್ಡ್‌ನ ಗೆರೆ ಏರದೆ ಮಟ್ಟಸವಾಗಿದ್ದರೆ ಅಥವಾ ಕೆಳಗಿಳಿದರೆ, ಮಗು ಲವಲವಿಕೆಯಿಂದಿದ್ದರೂ ವೈದ್ಯರಿಗೆ ತೋರಿಸಿ.

ಐದು ವರ್ಷ ತುಂಬುವುದು 2031ರ ಜನವರಿ 2, ಅದೂ ಗುರುವಾರವೇ. ಅಂದು ಡಿಪಿಟಿಯ ಎರಡನೇ ಬೂಸ್ಟರ್.