ಗೆರೆ ಮೊದಲಲ್ಲೇ ಏಕೆ ಕುಣಿಯುತ್ತದೆ?

ಬೆಳುವಾಯಿಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಗ್ರಾಫ್ ಹಾಳೆಯೊಂದರ ಫೋಟೋ ಕಳಿಸಿದ್ದಾಳೆ. ನಾಣ್ಯವನ್ನು 200 ಸಲ ಚಿಮ್ಮಿ, ಪ್ರತಿ ಸಲವೂ ಅಲ್ಲಿಯವರೆಗೆ ಬಿದ್ದ ಹೆಡ್‌ಗಳನ್ನು ಅಲ್ಲಿಯವರೆಗಿನ ಟಾಸ್‌ಗಳಿಂದ ಭಾಗಿಸಿ, ಚುಕ್ಕೆಯಿಟ್ಟು ಸೇರಿಸಿದ್ದಾಳೆ. ಎಡತುದಿಯಲ್ಲಿ ಗೆರೆ ಜೋರಾಗಿ ಏರಿಳಿದಿದೆ. ಬಲಕ್ಕೆ ಹೋದಂತೆ 0.5ರ ಬಳಿ ಮಟ್ಟಸವಾಗಿದೆ. “ನಾಣ್ಯ ತನ್ನನ್ನು ತಾನೇ ಸರಿಮಾಡಿಕೊಂಡಿತಾ ಸರ್?” ಎಂಬುದು ಅವಳ ಪ್ರಶ್ನೆ.

ನಾಣ್ಯ ಬದಲಾಗಿಲ್ಲ, ಭಾಜಕ ಬೆಳೆದಿದೆ. ಅವಳಿಗೆ ಮೊದಲೆರಡು ಸಲ ಹೆಡ್ ಬಿತ್ತು, ಪ್ರಮಾಣ 1. ಮೂರನೆಯದು ಟೇಲ್, ಗೆರೆ ಒಮ್ಮೆಲೇ 0.67ಕ್ಕೆ ಕುಸಿಯಿತು. ಕೊನೆಗೆ 200ರಲ್ಲಿ 104 ಹೆಡ್, ಅಂದರೆ 0.52. ಇನ್ನೊಂದು ಸಲ ಚಿಮ್ಮಿ ಟೇಲ್ ಬಿದ್ದರೆ 201ರಲ್ಲಿ 104, ಸುಮಾರು 0.517. ಅದೇ ಟೇಲ್ ಮೂರನೆಯ ಸರದಿಯಲ್ಲಿ ಗೆರೆಯನ್ನು 0.33ರಷ್ಟು ಎಳೆದಿತ್ತು, ಈಗ 0.003ರಷ್ಟೂ ಎಳೆಯಲಾರದು.

ಹಾಗೆಂದು ಹೆಡ್‌ಗಳ ಲೆಕ್ಕ ಅರ್ಧಕ್ಕೆ ಹತ್ತಿರವಾಗುತ್ತ ಹೋಗುತ್ತದೆ ಎಂದುಕೊಳ್ಳಬಾರದು. ಹೆಚ್ಚಿನವರು ಎಡವುವುದು ಇಲ್ಲೇ. ದಕ್ಷಿಣ ಆಫ್ರಿಕಾದಲ್ಲಿ ಗಣಿತ ಕಲಿಸುತ್ತಿದ್ದ ಜಾನ್ ಕೆರಿಚ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಬಂಧನಕ್ಕೆ ಸಿಕ್ಕಿ, ಶಿಬಿರದಲ್ಲಿ ಕೂತು 10,000 ಸಲ ನಾಣ್ಯ ಚಿಮ್ಮಿ ಪ್ರತಿಯೊಂದನ್ನೂ ಬರೆದಿಟ್ಟರು. ಮೊದಲ 100ರಲ್ಲಿ 44 ಹೆಡ್, ಅರ್ಧಕ್ಕೆ 6 ಕಡಿಮೆ. 10,000ದಲ್ಲಿ 5,067, ಅರ್ಧಕ್ಕಿಂತ 67 ಹೆಚ್ಚು. ಲೆಕ್ಕದ ಅಂತರ ಆರರಿಂದ ಅರವತ್ತೇಳಕ್ಕೆ ಬೆಳೆಯಿತು, ಪ್ರಮಾಣದ ಅಂತರ ಮಾತ್ರ ಶೇ. 6ರಿಂದ ಶೇ. 0.67ಕ್ಕೆ ಇಳಿಯಿತು. ಹಿಂದಿನ ಕೊರತೆಯನ್ನು ತುಂಬಿಕೊಡುವ ಹಂಗು ನಾಣ್ಯಕ್ಕಿಲ್ಲ. ಹೊಸ ಟಾಸ್‌ಗಳ ರಾಶಿಯಲ್ಲಿ ಆ ಕೊರತೆ ಮುಳುಗಿಹೋಗುತ್ತದೆ, ಅಷ್ಟೆ. ಯಾಕೋಬ್ ಬರ್ನೂಲಿ 1713ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಸಾಧಿಸಿ ತೋರಿಸಿದ್ದು ಪ್ರಮಾಣದ ಈ ನೆಲೆ ನಿಲ್ಲುವಿಕೆಯನ್ನೇ.

ಅಂತರ ಎಷ್ಟಿರಬಹುದು? ಟಾಸ್‌ಗಳ ಸಂಖ್ಯೆಯ ವರ್ಗಮೂಲದ ಅರ್ಧದಷ್ಟು ಏರುಪೇರು ಸಹಜ. ನೂರಕ್ಕೆ 5, ಹತ್ತು ಸಾವಿರಕ್ಕೆ 50. ಅದರ ಎರಡು ಪಟ್ಟು ದಾಟಿದರೆ ಮಾತ್ರ ನಾಣ್ಯವನ್ನು ಅನುಮಾನಿಸಬೇಕು. ಕೆರಿಚ್ ಅವರ 6 ಮತ್ತು 67 ಎರಡೂ ಮಿತಿಯೊಳಗಿವೆ.

ಫೋಟೋ ಓದುವಾಗಲೂ ಜಾಗ್ರತೆ ಬೇಕು. ಮೊಬೈಲನ್ನು ಓರೆಯಾಗಿ ಹಿಡಿದರೆ ಮಟ್ಟಸವಾದ ಗೆರೆಯೂ ಮೇಲೇರಿದಂತೆ ಕಾಣುತ್ತದೆ. ಆದ್ದರಿಂದ ಫೋಟೋದ ಅಂಚನ್ನು ನೋಡದೆ, ಹಾಳೆಯಲ್ಲೇ ಅಚ್ಚಾದ ಚೌಕಗಳ ಗೆರೆಯನ್ನು ಹಿಡಿದು ಅಳೆಯಬೇಕು. ಲಂಬ ಅಳತೆ 0ಯಿಂದ 1ರವರೆಗಿದೆಯೇ, ಇಲ್ಲ 0.45ರಿಂದ 0.55ರವರೆಗೆ ಮಾತ್ರವೇ ಎಂದೂ ನೋಡಬೇಕು; ಎರಡನೆಯದಾದರೆ ಸಣ್ಣ ಅಲುಗಾಟವೂ ದೊಡ್ಡದಾಗಿ ಕಾಣುತ್ತದೆ.

ಅವಳ 104 ಅರ್ಧಕ್ಕಿಂತ 4 ಮಾತ್ರ ಹೆಚ್ಚು. 200ಕ್ಕೆ 7ರಷ್ಟು ಏರುಪೇರು ಸಹಜ. ನಾಣ್ಯ ನಿಜಕ್ಕೂ ನೂರಕ್ಕೆ 51ರಂತೆ ಹೆಡ್‌ನತ್ತ ವಾಲಿದ್ದರೆ, ಅದನ್ನು ಹಿಡಿಯಲು ಅವಳೂ ಕೆರಿಚ್ ಅವರಂತೆ ಹತ್ತು ಸಾವಿರದ ಆಸುಪಾಸಿಗೆ ಹೋಗಬೇಕಾಗುತ್ತದೆ.